ಬೆನ್ನು ತೋರಿಸದ ಗಡಿಯಾಳ

ಅಂಕೋಲೆಯ ನಮ್ಮ ಸೋದರಮಾವನ ಮನೆಯ ಜಗಲಿಯಲ್ಲಿ ಒಂದು ಗಡಿಯಾಳ ಇದೆ. ಪುಸ್ತಕದಲ್ಲಿ ಅದು ಗಡಿಯಾರ ಎಂದು ನನಗೂ ಗೊತ್ತು. ಆದರೆ ಕಾರವಾರ–ಅಂಕೋಲೆಯ ಗೋಡೆಗೆ ನೇತುಬಿದ್ದ ಮೇಲೆ ಅದು ಗಡಿಯಾಳವೇ, ತಿದ್ದುವವರು ಬಂದು ಮಾವನ ಹತ್ತಿರ ಮಾತಾಡಿಕೊಳ್ಳಲಿ. ಎದೆಯೆತ್ತರದ ಮರದ ಪೆಟ್ಟಿಗೆ, ಗಾಜಿನ ಬಾಗಿಲು, ಒಳಗೆ ಹಿತ್ತಾಳೆಯ ಲೋಲಕ. ವಾರಕ್ಕೊಮ್ಮೆ, ರವಿವಾರ ಬೆಳಿಗ್ಗೆ ಮಾವ ಮಿಂದು ಬಂದು ಚಾವಿ ಕೊಡುತ್ತಾರೆ. ಆ ಚಾವಿಯನ್ನು ಮನೆಯ ಬೇರೆ ಯಾರೂ ಮುಟ್ಟಿದ್ದನ್ನು ನಾನು ಕಂಡಿಲ್ಲ. ಅತ್ತೆಯ ಕೈಗೆ ತಿಜೋರಿಯ ಕೀಲಿ ಸಿಕ್ಕಿದೆ, ಗಡಿಯಾಳದ ಚಾವಿ ಸಿಕ್ಕಿಲ್ಲ.

ಹೋದ ಮಳೆಗಾಲದ ಒಂದು ರವಿವಾರ ಮಾವ ಚಾವಿ ಕೊಡುತ್ತಿರುವಾಗ ಒಳಗೆ ‘ಢಣ್’ ಎಂದಿತು. ಚಾವಿ ಕೈಯಲ್ಲಿ ಹಿಮ್ಮುಖ ಜಿಗಿಯಿತು. ಆಮೇಲೆ ಬಲಗಡೆಯ ತೂತಿನಲ್ಲಿ ಚಾವಿ ಹಾಕಿ ತಿರುಗಿಸಿದರೆ ಬರೇ ಸುತ್ತುತ್ತದೆ, ಬಿಗಿಯೇ ಇಲ್ಲ. ಮಾವ ಆ ದಿನ ಊಟಕ್ಕೆ ಒಂದು ಗಂಟೆ ತಡವಾಗಿ ಎದ್ದರು. ಗಡಿಯಾಳ ಹೇಳದೆ ಹಸಿವೆ ಆಗುವುದಿಲ್ಲವಂತೆ.

ಮಾವನ ಮಗ, ನನ್ನ ಭಾವ, ಸುಮ್ಮನಿರುವ ಜನವಲ್ಲ. ಮನೆಮಂದಿಯ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿ ಕೆಳಗೆ ಬರೆದ: ‘ಇದರ ಮಶೀನು ಎಲ್ಲಿ ಸಿಗ್ತದೆ?’ ಫೋಟೋದಲ್ಲಿ ಗಡಿಯಾಳದ ಡಯಲು ಇತ್ತು, ಡಯಲಿನ ಗಾಜಿನಲ್ಲಿ ಟ್ಯೂಬ್‌ಲೈಟು ಇತ್ತು, ಟ್ಯೂಬ್‌ಲೈಟಿನ ಕೆಳಗೆ ಭಾವನ ಹೊಟ್ಟೆಯೂ ಇತ್ತು. ಡಯಲಿನ ಮೇಲೆ ಒಂದು ಅಂಗಡಿಯ ಹೆಸರು, ಅದರಡಿ ‘ಬಾಂಬೆ’ ಎಂದು ಇಂಗ್ಲಿಷ್ ಅಕ್ಷರ. ಅಷ್ಟು ಸಾಕಾಯಿತು. ಪುಣೆಯ ತಂಗಿ ಇದು ಮುಂಬೈಯಲ್ಲಿ ತಯಾರಾದ ಗಡಿಯಾಳ ಎಂದಳು. ಬೆಂಗಳೂರಿನ ಅಳಿಯ ರೋಮನ್ ಅಂಕಿ ಇದೆ, ಹಾಗಾಗಿ ಇಟಲಿಯದು ಎಂದ. ಅತ್ತೆ ಧ್ವನಿ ಸಂದೇಶ ಕಳಿಸಿದರು: ಇದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆದ ವರ್ಷ ಮನೆಗೆ ಬಂದದ್ದು, ಇದಕ್ಕೆ ದೇಶ ಗೀಶ ಕೇಳಬೇಡಿ.

ನಾನು ಕಾರವಾರದಲ್ಲಿರುವವನು. ಪೇಟೆಯಲ್ಲಿ ಹಳೇ ಗಡಿಯಾಳ ಬಿಚ್ಚುವ ಒಬ್ಬರಿದ್ದಾರೆ. ವಯಸ್ಸಾಗಿದೆ, ಕಣ್ಣಿಗೆ ಸಿಕ್ಕಿಸುವ ಮಸೂರ ಹಣೆಯ ಮೇಲೆಯೇ ಇರುತ್ತದೆ. ಎಲ್ಲರೂ ಮಾಮ ಎನ್ನುತ್ತಾರೆ. ಫೋನು ಅವರ ಮುಂದೆ ಹಿಡಿದೆ. ಅವರು ನೋಡಿ ನಕ್ಕರು.

‘ಇದು ಮುಖ. ಮುಖ ಯಾರದ್ದಾದ್ರೂ ಪೌಡರ್ ಹಚ್ಚಿದ್ದೇ ಇರ್ತದೆ. ಬೆನ್ನು ತೋರ್ಸು ಮಾರಾಯಾ.’

‘ಬಾಂಬೆ ಅಂತ ಬರ್ದಿದ್ಯಲ್ಲ ಮಾಮ?’

‘ನಿನ್ನ ಅಂಗಿ ಕಾಲರಿನ ಮೇಲೆ ದರ್ಜಿ ಹೆಸ್ರಿದೆ. ಹತ್ತಿ ಅವನೇ ಬೆಳ್ದನಾ?’

ಇದು ಮೊದಲ ಪಾಠ. ಹಿಂದೆ ಯುರೋಪಿನಿಂದ ಗಡಿಯಾಳ ತರಿಸುತ್ತಿದ್ದ ದೊಡ್ಡ ಅಂಗಡಿಗಳು ಡಯಲಿನ ಮೇಲೆ ತಮ್ಮ ಹೆಸರನ್ನೇ ಬರೆಸಿಕೊಳ್ಳುತ್ತಿದ್ದವು. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಸರಕಾರದ ಕೈಕೆಳಗಿತ್ತು. ಕೋರ್ಟಿನ ಕಾಗದ, ಕೊಡೆ, ಗಡಿಯಾಳ ಎಲ್ಲ ಆ ಕಡೆಯಿಂದಲೇ ಆಗಬೋಟಿನಲ್ಲಿ ಬರಬೇಕು. ಆದ್ದರಿಂದ ಡಯಲಿನ ‘ಬಾಂಬೆ’ ಮಾರಿದವನ ವಿಳಾಸ ಹೇಳುತ್ತದೆ, ಮಾಡಿದವನದ್ದಲ್ಲ. ಆ ಹೆಸರು ಹಿಡಿದು ಮಶೀನು ಹುಡುಕಿದರೆ ಸತ್ತ ಅಂಗಡಿಯ ಬಾಗಿಲು ಬಡಿದಂತೆ.

ಹಾಗಂತ ಮುಖದ ಫೋಟೋ ದಂಡವಲ್ಲ. ಚಾವಿಯ ತೂತು ಎಷ್ಟು ಎಂದು ಅದೇ ಹೇಳಬೇಕು. ಒಂದೇ ತೂತಿದ್ದರೆ ಬರೇ ಸಮಯ ತೋರಿಸುವ ಮಶೀನು. ಎರಡಿದ್ದರೆ ಸಾಮಾನ್ಯವಾಗಿ ಬಲಗಡೆಯದು ಸಮಯಕ್ಕೆ, ಎಡಗಡೆಯದು ಗಂಟೆ ಬಡಿಯಲಿಕ್ಕೆ. ಮೂರಿದ್ದರೆ ಕಾಲುಗಂಟೆಗೊಮ್ಮೆ ರಾಗ ಹಾಡುವಂಥದ್ದು. ನಮ್ಮ ಮಾವನದ್ದಕ್ಕೆ ಎರಡು. ಬಿಗಿ ತಪ್ಪಿದ್ದು ಬಲಗಡೆ. ಅಂದರೆ ಸಮಯದ ಸ್ಪ್ರಿಂಗು ಹೋಗಿದೆ, ಬಡಿಯುವ ಸ್ಪ್ರಿಂಗು ಪೂರ್ತಿ ಬಿಗಿಯಲ್ಲೇ ಕೂತಿದೆ. ಇದನ್ನು ಕೇಳಿದ್ದೇ ಮಾಮನ ನಗು ನಿಂತಿತು.

‘ನಿನ್ನ ಭಾವನಿಗೆ ಹೇಳು, ಮಶೀನು ಹೊರಗೆ ತೆಗೀಲಿ, ಆದ್ರೆ ತಗಡು ಬಿಚ್ಚೋದು ಬೇಡ. ಹಲ್ಲಿನ ಚಕ್ರಕ್ಕೆ ಕೊಕ್ಕೆ ಹಾಕ್ಕೊಂಡು ಕೂತಿರೋ ಸಣ್ಣ ನಾಲಿಗೆ ಇರ್ತದೆ, ಅದನ್ನು ಸ್ಕ್ರೂಡ್ರೈವರಲ್ಲಿ ಎತ್ತಿದ್ರೆ ಬೆರಳು ಹೋಗ್ತದೆ.’

ಭಾವನಿಗೆ ಫೋನು ಮಾಡಿದೆ. ಬೆನ್ನಿನ ಫೋಟೋ ಕಳಿಸು ಎಂದೆ. ಹತ್ತು ನಿಮಿಷದಲ್ಲಿ ಬಂತು. ಗಡಿಯಾಳವನ್ನು ಗೋಡೆಯಿಂದ ಇಳಿಸಿ, ಮಂಚದ ಮೇಲೆ ಬೋರಲು ಮಲಗಿಸಿ, ಪೆಟ್ಟಿಗೆಯ ಹಿಂಭಾಗದ ಹಲಗೆಯ ಫೋಟೋ ತೆಗೆದಿದ್ದ. ಹಲಗೆಯ ಮೇಲೆ ಎರಡು ಹಲ್ಲಿಮೊಟ್ಟೆ, ಒಂದು ಜೇಡನ ಮನೆ. ಲೋಲಕವನ್ನು ಕಳಚದೆಯೇ ಮಲಗಿಸಿದ್ದ! ಲೋಲಕ ತೂಗುವುದು ಕಾಗದದಷ್ಟು ತೆಳ್ಳಗಿನ ಉಕ್ಕಿನ ಪಟ್ಟಿಯಿಂದ, ಗಡಿಯಾಳ ಮಲಗಿಸಿದರೆ ಮೊದಲು ಮುರಿಯುವುದು ಅದು. ಅದೃಷ್ಟಕ್ಕೆ ಬರೇ ಸೊಟ್ಟಗಾಗಿತ್ತು.

ಗೋಡೆ ಗಡಿಯಾಳದ ಬೆನ್ನು ಎಂದರೆ ಪೆಟ್ಟಿಗೆಯ ಬೆನ್ನಲ್ಲ, ಮಶೀನಿನ ಹಿಂದಿನ ಹಿತ್ತಾಳೆ ತಗಡು. ಅದು ಗೋಡೆಯ ಕಡೆಗೇ ಮುಖ ಮಾಡಿರುತ್ತದೆ, ಹೊಸ ಮದುಮಗಳಂತೆ. ಅದನ್ನು ಕಾಣಬೇಕಾದರೆ ಮಶೀನು ಹೊರಗೆ ಬರಲೇಬೇಕು. ನಮ್ಮ ಈ ನಮೂನೆಯಲ್ಲಿ ಅದು ಕಷ್ಟವಲ್ಲ. ಮೊದಲು ಲೋಲಕ ಮೇಲಕ್ಕೆತ್ತಿ ಕೊಕ್ಕೆ ತಪ್ಪಿಸಿ ತೆಗೆಯಬೇಕು. ಮಶೀನಿನ ಅಡಿಯಲ್ಲಿ ಎರಡು ಕಿವಿ ಇರುವ ತಿರುಪು ಕೈಗೆ ಸಿಗುತ್ತವೆ. ಅವನ್ನು ಸಡಿಲಿಸಿದರೆ ಡಯಲಿನ ಸಮೇತ ಇಡೀ ಮಶೀನು ಕಬ್ಬಿಣದ ಒರಗಿನ ಮೇಲಿಂದ ಮುಂದಕ್ಕೆ ಜಾರಿ ಬರುತ್ತದೆ. ಕೆಲವು ಪೆಟ್ಟಿಗೆಗಳಲ್ಲಿ ಡಯಲು ಮರಕ್ಕೇ ಬಡಿದಿರುತ್ತದೆ. ಅಲ್ಲಿ ಮಾತ್ರ ನಿಮಿಷದ ಮುಳ್ಳಿನ ನಡುವಿನ ಸಣ್ಣ ಪಿನ್ನು ಎಳೆದು ಮುಳ್ಳು ತೆಗೆದ ಮೇಲೆಯೇ ಮುಂದಿನ ಮಾತು.

ಎರಡನೆಯ ಸರ್ತಿ ಭಾವ ಸರಿಯಾದ ಬೆನ್ನನ್ನೇ ಕಳಿಸಿದ. ಮಶೀನನ್ನು ಊಟದ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಮೇಜಿನ ಮೇಲೆಯೇ ಮಗಳ ಕಂಪಾಸಿನ ಅಳತೆಪಟ್ಟಿ ಇಟ್ಟು, ಮೇಲಿನಿಂದ ಒಂದು ಅಡಿಯಷ್ಟು ಹತ್ತಿರ ಫೋನು ಹಿಡಿದಿದ್ದ. ಎರಡು ಚಾವಿ ದಂಡಗಳ ನಡುವಿನ ಅಂತರ ನಾನು ಫೋಟೋದಲ್ಲಿ ಅಳೆದೆ: 72 ಮಿಲಿಮೀಟರು. ಮಾಮ ಅಳತೆ ನೋಡಿಯೇ ತಲೆ ಅಲ್ಲಾಡಿಸಿದರು. ತಗಡು ಮೇಜಿನಿಂದ ಐದು ಸೆಂಟಿಮೀಟರು ಎತ್ತರದಲ್ಲಿದೆ, ಪಟ್ಟಿ ಮೇಜಿನ ಮೇಲಿದೆ. ಫೋನು ತಗಡಿನಿಂದ 30 ಸೆಂಟಿಮೀಟರು, ಪಟ್ಟಿಯಿಂದ 35. ದೂರದ್ದು ಸಣ್ಣದಾಗಿ ಕಾಣುವುದು ಫೋನಿನ ತಪ್ಪಲ್ಲ. 35ಕ್ಕೆ 72 ಆದರೆ 30ಕ್ಕೆ ಎಷ್ಟು? ಅರವತ್ತೆರಡರ ಹತ್ತಿರ. ಮರುದಿನ ಪಟ್ಟಿಯನ್ನು ಹಿತ್ತಾಳೆ ತಗಡಿನ ಮೇಲೇ ಇಟ್ಟು, ಎರಡು ಮಾರು ದೂರ ನಿಂತು, ಜೂಮ್ ಮಾಡಿ ತೆಗೆಸಿದಾಗ 62 ಬಂತು. ಒಂದೇ ರಾತ್ರಿಯಲ್ಲಿ ಅಂಕೋಲೆಯ ಗಡಿಯಾಳ ಹತ್ತು ಮಿಲಿಮೀಟರು ಸೊರಗಿತ್ತು. ಈ ಹತ್ತು ಮಿಲಿಮೀಟರು ತಪ್ಪಿಟ್ಟುಕೊಂಡು ಮಶೀನು ತರಿಸಿದ್ದರೆ ಡಯಲಿನ ತೂತು ಒಂದು ಕಡೆ, ಚಾವಿಯ ದಂಡ ಇನ್ನೊಂದು ಕಡೆ.

ಇನ್ನು ಅಕ್ಷರ. ಹಿತ್ತಾಳೆಯ ಮೇಲೆ ನೂರು ವರ್ಷದ ಎಣ್ಣೆ ಕಪ್ಪಾಗಿ ಹತ್ತಿರುತ್ತದೆ, ಮುದ್ರೆ ಕಾಣುವುದಿಲ್ಲ. ಭಾವ ನಿಂಬೆಹುಳಿ ಹಚ್ಚಿ ತಿಕ್ಕಲೇ ಎಂದು ಕೇಳಿದ. ಪೂಜೆಯ ತಂಬಿಗೆ ಅಂದುಕೊಂಡಿದ್ದಾನೋ ಏನೋ. ಫ್ಲ್ಯಾಶ್ ಹಾಕಿದರೆ ಹಿತ್ತಾಳೆ ಪೂರಾ ಬೆಳ್ಳಗೆ. ಮಾಮ ಹೇಳಿದ ಉಪಾಯ ಸುಲಭದ್ದು: ಕೋಣೆ ಕತ್ತಲೆ ಮಾಡಿ, ಬ್ಯಾಟರಿಯನ್ನು ತಗಡಿಗೆ ತಾಗುವಂತೆ ಪಕ್ಕದಿಂದ ಅಡ್ಡಕ್ಕೆ ಹಿಡಿ. ಒತ್ತಿದ ಗೆರೆಯಲ್ಲಿ ನೆರಳು ತುಂಬಿ ಅಕ್ಷರ ಎದ್ದು ನಿಲ್ಲುತ್ತದೆ.

ನಿಂತಿತು. ಒಂದನ್ನೊಂದು ಅಡ್ಡ ಹಾಯ್ದ ಎರಡು ಬಾಣ.

ಗುಂಪಿನಲ್ಲಿ ಗದ್ದಲವೋ ಗದ್ದಲ. ಅತ್ತೆ ರಾಮಬಾಣ ಎಂದರು, ಕೈಮುಗಿದ ಚಿತ್ರ ಬೇರೆ. ಅಳಿಯ ಇಟಲಿಯನ್ನು ಬಿಟ್ಟು ರೋಮಿನ ಸೈನ್ಯಕ್ಕೆ ಹೋದ. ಮಾಮ ಮಾತ್ರ ಮಸೂರವನ್ನು ಕಣ್ಣಿಗಿಳಿಸದೆಯೇ ಹೇಳಿದರು: ‘ಹ್ಯಾಂಬರ್ಗ್ ಅಮೆರಿಕನ್.’

ಈ ಕಂಪನಿಯ ಹೆಸರೇ ಒಂದು ಹರಟೆ. ಹ್ಯಾಂಬರ್ಗ್ ಅಮೆರಿಕನ್ ಕ್ಲಾಕ್ ಕಂಪನಿ ಇದ್ದದ್ದು ಹ್ಯಾಂಬರ್ಗಿನಲ್ಲೂ ಅಲ್ಲ, ಅಮೆರಿಕದಲ್ಲಂತೂ ಅಲ್ಲ. ದಕ್ಷಿಣ ಜರ್ಮನಿಯ ಕಪ್ಪುಕಾಡಿನೊಳಗಿನ ಶ್ರಾಂಬರ್ಗ್ ಎಂಬ ಊರಿನಲ್ಲಿ. ಅದೇ ಊರಿನಲ್ಲಿ ಎಂಟು ಮೂಲೆಯ ನಕ್ಷತ್ರದ ಗುರುತಿನ ಯುಂಗ್‌ಹಾನ್ಸ್ ಕೂಡ. ಬಾಣ ಮತ್ತು ನಕ್ಷತ್ರ ವರ್ಷಗಟ್ಟಲೆ ಜಗಳಾಡಿ ಕೊನೆಗೆ 1930ರಲ್ಲಿ ಬಾಣ ನಕ್ಷತ್ರದೊಳಗೆ ಲೀನವಾಯಿತು. ಅಂಕೋಲೆಯವರು ಉಪ್ಪು ಮಾಡಿದ ವರ್ಷವೂ ಅದೇ. ಬಾಣದ ಕೆಳಗೆ ‘ಮೇಡ್ ಇನ್ ಜರ್ಮನಿ’ ಎಂದೂ ಒತ್ತಿತ್ತು. ಬ್ರಿಟಿಷರು 1887ರಲ್ಲಿ ತಮ್ಮ ದೇಶದಲ್ಲಿ, 1889ರಲ್ಲಿ ಇಲ್ಲಿ ತಂದ ಸರಕು ಗುರುತಿನ ಕಾಯ್ದೆಯಿಂದ ಇಂಥ ಮುದ್ರೆ ಹೆಚ್ಚಾಯಿತು. ಹಾಗಾಗಿ ನಮ್ಮದು ಆ ನಡುವಿನ ನಲವತ್ತು ವರ್ಷದ ಮಾಲು ಎಂದುಕೊಳ್ಳಬಹುದು. ಅತ್ತೆಯ ಲೆಕ್ಕ ಹಾಗೆ ನೋಡಿದರೆ ಸುಳ್ಳಲ್ಲ. ಇದನ್ನು ನಾನು ಗುಂಪಿನಲ್ಲಿ ಬರೆಯಬಾರದಿತ್ತು. ಈಗ ಅವರು ಮನೆಯ ಎಲ್ಲ ಪಾತ್ರೆಗೂ ವರ್ಷ ಹೇಳಲು ಸುರುಮಾಡಿದ್ದಾರೆ.

ಬಾಣ ಕಾಣದಿದ್ದರೂ ಮಾಮ ಅರ್ಧ ಊಹಿಸಿದ್ದರಂತೆ. ಅಮೆರಿಕದ ಆನ್ಸೋನಿಯ, ಸೆತ್ ಥಾಮಸ್ ಮುಂತಾದ ಅಗ್ಗದ ಗಡಿಯಾಳಗಳಲ್ಲಿ ಸ್ಪ್ರಿಂಗು ಬರಿಮೈಯಲ್ಲಿ ಕೂತಿರುತ್ತದೆ, ಬೆನ್ನಿನಿಂದ ನೋಡಿದರೆ ಸುತ್ತು ಸುತ್ತಾಗಿ ಕಾಣುತ್ತದೆ. ಜರ್ಮನರು ಹೆಚ್ಚಾಗಿ ಅದನ್ನು ಹಿತ್ತಾಳೆಯ ಡಬ್ಬಿಯೊಳಗೆ ಮುಚ್ಚಿಡುತ್ತಾರೆ. ನಮ್ಮ ಫೋಟೋದಲ್ಲಿ ಎರಡು ಡಬ್ಬಿ ಕಂಡವು. ಸಮಯದ ಸ್ಪ್ರಿಂಗಿನ ಡಬ್ಬಿಯ ಅಂಚಿನಲ್ಲಿ ಸಾಲಾಗಿ ಮೂರು ಹಲ್ಲು ಇಲ್ಲ. ಸ್ಪ್ರಿಂಗು ಕಡಿದಾಗ ಡಬ್ಬಿ ಹಿಮ್ಮುಖ ಚಿಮ್ಮಿ ಹಲ್ಲು ಮುರಿದುಕೊಳ್ಳುತ್ತದೆ. ಅದರ ಪಕ್ಕದ ಚಕ್ರಕ್ಕೂ ಪೆಟ್ಟಾಗಿರಬಹುದು, ಅದು ಫೋಟೋದಲ್ಲಿ ತಿಳಿಯದು. ದಂಡ ತಿರುಗುವ ತೂತು ಸವೆದು ಮೊಟ್ಟೆಯಾಕಾರ ಆಗಿದೆಯೋ ಅದೂ ತಿಳಿಯದು. ಇವಕ್ಕೆ ಬೆರಳಿನಿಂದ ಅಲ್ಲಾಡಿಸಿಯೇ ನೋಡಬೇಕು. ಕಡಲ ದಂಡೆಯ ಗಾಳಿಯ ಉಪ್ಪಿಗೆ ಉಕ್ಕು ತುಕ್ಕು ಹಿಡಿಯುತ್ತದೆ, ತುಕ್ಕಿನ ಚುಕ್ಕೆಯಲ್ಲೇ ಸ್ಪ್ರಿಂಗು ಕಡಿಯುತ್ತದೆ. ಉಪ್ಪಿನ ಸತ್ಯಾಗ್ರಹದ ಗಡಿಯಾಳ ಉಪ್ಪಿನಿಂದಲೇ ಸತ್ತಿತು ಎಂದು ನಾನು ಮಾವನ ಮುಂದೆ ಹೇಳಿಲ್ಲ, ಧೈರ್ಯವಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಗುರುತನ್ನು ನಾವ್ಯಾರೂ ನೋಡಿಯೇ ಇರಲಿಲ್ಲ. ತಗಡಿನ ಕೆಳಗಿನ ಅಂಚಿನಲ್ಲಿ ಇರುವೆ ಸಾಲಿನಷ್ಟು ಸಣ್ಣಗೆ ಎರಡು ಅಂಕಿ: 42, 105. ಪುಣೆಯ ತಂಗಿ ಇದು ಮಾಡೆಲ್ ನಂಬರು ಎಂದು ಹುಡುಕಿ ಯಾವುದೋ ಮೋಟಾರ್ ಪಂಪಿನ ಚಿತ್ರ ಕಳಿಸಿದಳು. ಮಾಮ ವಿವರಿಸಿದರು: 42 ಲೋಲಕದ ಉದ್ದ, ಸೆಂಟಿಮೀಟರಿನಲ್ಲಿ. 105 ನಿಮಿಷಕ್ಕೆ ಎಷ್ಟು ಟಿಕ್ಕು ಎಂಬುದು.

ಇದನ್ನು ನಂಬಬೇಕಾಗಿಲ್ಲ, ಲೆಕ್ಕ ಹಾಕಬಹುದು. ಸೆಕೆಂಡಿಗೊಂದು ಟಿಕ್ಕು ಹೊಡೆಯುವ ಲೋಲಕ ನಮ್ಮಲ್ಲಿ ಸುಮಾರು 99 ಸೆಂಟಿಮೀಟರು ಉದ್ದ. ನಿಮಿಷಕ್ಕೆ 105 ಹೊಡೆಯಬೇಕಾದರೆ 60ನ್ನು 105ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, 99ಕ್ಕೆ ಗುಣಿಸಿ. 32 ಸೆಂಟಿಮೀಟರಿಗೆ ಸ್ವಲ್ಪ ಮೇಲೆ. ಇದು ತೂಗುವ ಬಿಂದುವಿನಿಂದ ಬಿಲ್ಲೆಯ ನಡುವಿನ ತನಕ. ಬಿಲ್ಲೆಯ ಕೆಳಗಿನ ಅರ್ಧ, ಅದರಡಿಯ ತಿರುಪು, ಬಾಲ ಎಲ್ಲ ಸೇರಿದರೆ 42. ಭಾವ ಲೋಲಕ ಅಳೆದ. ಸರಿಯಾಗಿ ಬಂತು.

ಲೋಲಕದ ಮಾತು ಬಂತಲ್ಲ, ಒಂದು ಗುಟ್ಟು ಹೇಳಿಬಿಡುತ್ತೇನೆ. ಭೂಮಿಯ ಸೆಳೆತ ಶ್ರಾಂಬರ್ಗಿಗಿಂತ ಕಾರವಾರದಲ್ಲಿ ಚೂರು ಕಡಿಮೆ, ನಾವು ಭೂಮಧ್ಯರೇಖೆಗೆ ಹತ್ತಿರ. ಅಲ್ಲಿ ಸರಿಯಾಗಿ ಓಡುತ್ತಿದ್ದ ಲೋಲಕದ ಗಡಿಯಾಳವನ್ನು ಹಾಗೇ ತಂದು ಇಲ್ಲಿ ನೇತುಹಾಕಿದರೆ ದಿನಕ್ಕೆ ಒಂದೂವರೆ ನಿಮಿಷಕ್ಕಿಂತ ಹೆಚ್ಚು ಹಿಂದೆ ಬೀಳುತ್ತದೆ. ಬಿಲ್ಲೆಯನ್ನು ಒಂದು ಮಿಲಿಮೀಟರಿಗೂ ಕಡಿಮೆ ಮೇಲೇರಿಸಿದರೆ ಸರಿಹೋಗುತ್ತದೆ. ಆದರೂ ಕಾರವಾರಕ್ಕೆ ಬಂದವರು ನಿಧಾನ ಆಗುತ್ತಾರೆ ಎಂದು ಬೆಂಗಳೂರಿನ ಅಳಿಯ ಹೇಳುವಾಗ ನಾನು ಇನ್ನು ಮೇಲೆ ಸಿಟ್ಟಾಗುವುದಿಲ್ಲ. ಜರ್ಮನ್ ಗಡಿಯಾಳಕ್ಕೇ ತಪ್ಪಿದ್ದಲ್ಲ.

ಈಗ ಹುಡುಕಾಟ. ಮಾಡಿದ ಕಂಪನಿ ಇಲ್ಲ. ಮುರಿದ ಹಲ್ಲಿನ ಜಾಗದಲ್ಲಿ ಹೊಸ ಹಲ್ಲು ಕೂರಿಸುವ ಕೆಲಸಕ್ಕೆ ಮಾಮ ತಮ್ಮ ಕಣ್ಣು ತೋರಿಸಿ ಕೈಯಾಡಿಸಿದರು. ಉಳಿದದ್ದು ಅದೇ ನಮೂನೆಯ ಇನ್ನೊಂದು ಹಳೇ ಮಶೀನು. ಭಾವ ಮುಂಬೈಯ ಚೋರ್ ಬಜಾರಿನ ಒಬ್ಬ ವ್ಯಾಪಾರಿಗೆ ನಮ್ಮ ಫೋಟೋ ಕಳಿಸಿದ. ಎರಡೇ ದಿನಕ್ಕೆ ಅವರಿಂದ ಫೋಟೋ ಬಂತು: ಅಡ್ಡ ಬಾಣ, ಎರಡು ಡಬ್ಬಿ, ಅದೇ ತಗಡು, ಮುಳ್ಳಿನ ದಂಡವೂ ಅದೇ ಜಾಗದಲ್ಲಿ. ಚಾವಿಯ ಅಂತರ 62. ಭಾವ ಹಣ ಕಳಿಸಲು ಫೋನು ಕೈಗೆತ್ತಿಕೊಂಡಿದ್ದ.

‘ಅಂಕಿ ಎಂತದು?’ ಮಾಮ ಕೇಳಿದರು.

ಅಂಚಿನ ಫೋಟೋ ಇನ್ನೊಂದು ತರಿಸಿದೆವು. 36, 116.

‘ಬಾಣ ಒಂದೇ, ಬಿಡುವ ಬಿಲ್ಲು ಬೇರೆ’ ಎಂದರು ಮಾಮ.

ಈ ಮಶೀನಿನ ಚಕ್ರಗಳ ಹಲ್ಲನ್ನು ನಿಮಿಷಕ್ಕೆ 116 ಟಿಕ್ಕಿನ ಲೆಕ್ಕದಲ್ಲಿ ಕಡಿದಿರುತ್ತಾರೆ. ಅದಕ್ಕೆ ಮಾವನ ಉದ್ದ ಲೋಲಕ ತೂಗುಹಾಕಿದರೆ ಅದು 105ನ್ನೇ ಹೊಡೆಯುತ್ತದೆ, ಲೋಲಕಕ್ಕೆ ಬೇರೆ ಗೊತ್ತಿಲ್ಲ. ಗಂಟೆಗೆ ಐದೂವರೆ ನಿಮಿಷಕ್ಕೂ ಹೆಚ್ಚು ಹಿಂದೆ. ಇವತ್ತು ಬೆಳಿಗ್ಗೆ ಸರಿಮಾಡಿದರೆ ನಾಳೆ ಬೆಳಿಗ್ಗೆಗೆ ಎರಡೂಕಾಲು ಗಂಟೆ ಹಿಂದೆ. ಬಿಲ್ಲೆಯ ಕೆಳಗಿನ ತಿರುಪು ತಿರುಗಿಸಿ ಸರಿಮಾಡೋಣ ಎಂದರೆ ಬಿಲ್ಲೆ ಸುಮಾರು ಆರು ಸೆಂಟಿಮೀಟರು ಮೇಲೇರಬೇಕು, ತಿರುಪಿನ ಗೀರು ಅಷ್ಟುದ್ದ ಇರುವುದೇ ಇಲ್ಲ. ಮಶೀನಿನ ಜೊತೆ ಅದರದೇ ಗಿಡ್ಡ ಲೋಲಕ ತರಿಸಿದರೆ ಸಮಯ ಸರಿ. ಆದರೆ ಗಾಜಿನ ಬಾಗಿಲಿನ ಚಿತ್ತಾರ ನಿಂತಿರುವುದು ಬಿಲ್ಲೆಯ ಜಾಗ ನೋಡಿಕೊಂಡು. ಬಿಲ್ಲೆ ಮೇಲೆ ಹೋಗಿ ಚಿತ್ತಾರದ ಹಿಂದೆ ಅರ್ಧ ಅಡಗುತ್ತದೆ. ‘ಬಾಗಿಲ ಹಿಂದೆ ನಿಂತು ಇಣುಕೋ ಸೊಸೆ ಹಾಂಗೆ ಆಗ್ತದೆ’ ಎಂದರು ಅತ್ತೆ. ಮಾವ ಬೇಡವೆಂದರು.

ಪುಣೆಯ ತಂಗಿಗೆ ತಾಳ್ಮೆ ಮುಗಿದಿತ್ತು. ಮೋರ್ಬಿಯ ಸೆಲ್ ಹಾಕುವ ಮಶೀನು ಹಾಕಿಬಿಡಿ, ಲೋಲಕವೂ ಆಡುತ್ತದೆ ಎಂದಳು. ಆಡುತ್ತದೆ ನಿಜ, ಅಯಸ್ಕಾಂತ ತಳ್ಳುವುದಕ್ಕೆ ಆಡುತ್ತದೆ. ಸಮಯಕ್ಕೂ ಅದಕ್ಕೂ ಸಂಬಂಧವಿಲ್ಲ. ಅದಕ್ಕೂ ಹಿಂದೆಮುಂದೆ ನೋಡಬೇಕು: ಡಯಲಿನ ದಪ್ಪ ಎಷ್ಟು, ಅದನ್ನು ದಾಟಿ ನಟ್ಟು ಹಿಡಿಯುವಷ್ಟು ದಂಡ ಹೊರಗೆ ಬರುತ್ತದೋ ಇಲ್ಲವೋ. ಹಳೇ ನಿಮಿಷದ ಮುಳ್ಳಿನ ತೂತು ಚೌಕ, ಹೊಸದರ ದಂಡದ ತುದಿ ಚಪ್ಪಟೆ. ಮಾವನ ಮುಳ್ಳು ಅದರ ಮೇಲೆ ಕೂರುವುದಿಲ್ಲ, ಕೂರಿಸಿದರೂ ಭಾರಕ್ಕೆ ಬಾಗುತ್ತದೆ. ನಾನು ಇದನ್ನು ಒಂದು ಮೇಜಿನ ಅಲಾರಾಂ ಮೇಲೆ ಮಾಡಿ ಕೆಡಿಸಿದವನು. ಅದರ ಹಳೇ ಮಶೀನಿನ ಬೆನ್ನಿನ ಸಣ್ಣ ಕಡ್ಡಿಯ ಪಕ್ಕ ‘ಎ’, ‘ಆರ್’ ಎಂದಿದ್ದುದನ್ನು ಕಂಪನಿಯ ಹೆಸರು ಎಂದು ತಿಂಗಳುಗಟ್ಟಲೆ ಹುಡುಕಿದೆ. ಅದು ಮುಂದೆ, ಹಿಂದೆ ಎಂಬುದರ ಫ್ರೆಂಚ್ ಮೊದಲಕ್ಷರ, ವೇಗ ತಿದ್ದುವ ಕಡ್ಡಿ. ಇಂಗ್ಲಿಷ್ ಗ್ರಾಹಕರಿಗೆ ಮಾಡಿದ್ದರಲ್ಲಿ ಅದೇ ಜಾಗದಲ್ಲಿ ‘ಎಫ್’, ‘ಎಸ್’ ಇರುತ್ತದೆ. ಈ ವಿಷಯ ಭಾವನಿಗೆ ಗೊತ್ತಿಲ್ಲ, ಯಾರೂ ಹೇಳಬೇಡಿ.

ಮಾವನ ಗಡಿಯಾಳ ಈಗಲೂ ನಿಂತೇ ಇದೆ. ಬಡಿಯುವ ಸ್ಪ್ರಿಂಗಿನ ಬಿಗಿಯನ್ನು ಮಾಮ ಅಂಕೋಲೆಗೆ ಬಂದು ಚಾವಿ ಹಿಡಿದು ಮೆಲ್ಲಗೆ ಇಳಿಸಿ, ಅತ್ತೆ ಮಾಡಿದ ಮೀನುಸಾರು ಉಂಡು ಹೋದರು. ಮಾವ ಮಾತ್ರ ರವಿವಾರ ಮಿಂದು ಬಂದು ಗಡಿಯಾಳದ ಗಾಜು ಒರೆಸುತ್ತಾರೆ. ಕಾರವಾರ, ಅಂಕೋಲೆ, ಗೋಕರ್ಣ, ಎಲ್ಲಿಯಾದರೂ ನಿಮ್ಮ ಮನೆಯ ಅಟ್ಟದಲ್ಲಿ ಮುರಿದ ಗಡಿಯಾಳ ಬಿದ್ದಿದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ಬೆನ್ನು ನೋಡಿ. ಅಡ್ಡ ಬಾಣ ಇದ್ದು, ಕೆಳಗೆ 42, 105 ಎಂದಿದ್ದರೆ ನಮಗೆ ತಿಳಿಸಿ. ಫೋಟೋ ತೆಗೆಯುವಾಗ ಅಳತೆಪಟ್ಟಿ ಮೇಜಿನ ಮೇಲಲ್ಲ, ತಗಡಿನ ಮೇಲೆ ಇರಲಿ.